ನಾಲ್ಕು ಡಿಸ್ಕ್‌ಗೆ ಯಾವ ರೇಡ್? ಒಂದನ್ನು ಕೆಡಿಸಿ ನೋಡಿ ತೀರ್ಮಾನಿಸಿದೆ

ನನ್ನ ಬಳಿ 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಇದ್ದವು. ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಸೇರಿಸುವ ರೇಡ್ ಕಟ್ಟಿ ಲಿನಕ್ಸ್ ಸರ್ವರ್‌ಗೆ ಹಾಕಬೇಕಿತ್ತು. ಹೆಚ್ಚಿನದು ಫೋಟೊ, ವಿಡಿಯೊ. ಜೊತೆಗೆ ದಿನವಿಡೀ ಸಣ್ಣ ಸಣ್ಣ ಬರಹ ಬೀಳುವ ಒಂದು ಡೇಟಾಬೇಸ್.

ಜಾಗದ ಲೆಕ್ಕ ಸುಲಭ. ರೇಡ್ 0 ಪೂರ್ತಿ 16 ಟಿಬಿ ಕೊಡುತ್ತದೆ, ವೇಗವೂ ಜಾಸ್ತಿ, ಆದರೆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆ. ನಾಲ್ಕರಲ್ಲೂ ಒಂದೇ ಪ್ರತಿ ಇಡುವ ರೇಡ್ 1ರಲ್ಲಿ ಉಳಿಯುವುದು 4 ಟಿಬಿ ಮಾತ್ರ. ಇವೆರಡನ್ನೂ ಆಗಲೇ ಬಿಟ್ಟೆ. ರೇಡ್ 5 ಕೊಡುವುದು 12 ಟಿಬಿ. ರೇಡ್ 6 ಮತ್ತು ರೇಡ್ 10 ಎರಡೂ 8.

12 ನೋಡಿದರೆ ಆಸೆಯಾಗುತ್ತದೆ, ಅಲ್ವಾ? ಹಾಗಾಗಿ ರೇಡ್ 5 ಒಳಗೆ ಏನು ಮಾಡುತ್ತದೆಂದು ಮೊದಲು ಕಾಗದದ ಮೇಲೆ ಬರೆದು ನೋಡಿದೆ. ಒಂದು ಸಾಲಿನಲ್ಲಿ ಮೂರು ಡಿಸ್ಕ್‌ಗಳಲ್ಲಿ ಡೇಟಾ, ನಾಲ್ಕನೆಯದರಲ್ಲಿ ಪ್ಯಾರಿಟಿ. ಮುಂದಿನ ಸಾಲಿಗೆ ಪ್ಯಾರಿಟಿಯ ಜಾಗ ಬೇರೆ ಡಿಸ್ಕ್‌ಗೆ ಹೋಗುತ್ತದೆ. ಪ್ಯಾರಿಟಿ ಅಂದರೆ ಮೂರರ ಎಕ್ಸಾರ್: ಒಂದೇ ಸ್ಥಾನದ ಬಿಟ್‌ಗಳಲ್ಲಿ 1ಗಳ ಸಂಖ್ಯೆ ಬೆಸವಾದರೆ 1, ಸಮವಾದರೆ 0.

```
D1 = 10110010
D2 = 01101100
D3 = 11100101
P  = 00111011
```

ಈಗ D2 ಇರುವ ಡಿಸ್ಕ್ ಸತ್ತಿತು ಅಂದುಕೊಳ್ಳಿ. ಉಳಿದ ಮೂರನ್ನು ಮತ್ತೆ ಎಕ್ಸಾರ್ ಮಾಡಿದರೆ ಸಾಕು.

```
D1 ^ D3  = 01010111
ಅದು ^ P  = 01101100
```

ಕಳೆದುಹೋದ D2 ಹಾಗೇ ವಾಪಸ್ ಬಂತು. D1, D3 ಎರಡೆರಡು ಸಲ ಸೇರಿ ತಾವೇ ಅಳಿಸಿಹೋಗುತ್ತವೆ, ಉಳಿಯುವುದು D2.

ಕಾಗದದ ಲೆಕ್ಕ ನಿಜಕ್ಕೂ ನಡೆಯುತ್ತದೆಯೇ ಎಂದು ನೋಡಲು ಅಸಲಿ ಡಿಸ್ಕ್ ಮುಟ್ಟಲಿಲ್ಲ. ಸಣ್ಣ ಫೈಲ್‌ಗಳನ್ನೇ ಲೂಪ್ ಡಿವೈಸ್ ಮಾಡಿಕೊಂಡು `mdadm` ಮೂಲಕ ರೇಡ್ 5 ಕಟ್ಟಿದೆ. ಫೈಲ್‌ಗಳನ್ನು ತುಂಬಿ, `sha256sum` ಬರೆದಿಟ್ಟುಕೊಂಡು, ಒಂದನ್ನು ಬೇಕೆಂದೇ ಕೆಡಿಸಿದೆ.

```
mdadm /dev/md0 --fail /dev/loop2
mdadm /dev/md0 --remove /dev/loop2
mdadm /dev/md0 --add /dev/loop5
```

ಡಿಸ್ಕ್ ಹೋದಾಗ `/proc/mdstat` ನಲ್ಲಿ `[UUUU]` ಇದ್ದದ್ದು `[U_UU]` ಆಯಿತು. ಫೈಲ್‌ಗಳು ಆಗಲೂ ಓದಲು ಸಿಗುತ್ತಿದ್ದವು. ಹೊಸದು ಸೇರಿ ರೀಬಿಲ್ಡ್ ಮುಗಿದ ಮೇಲೆ ಮೊತ್ತಗಳೆಲ್ಲ ಹೊಂದಿದವು.

ಆದರೆ ಅಸಲಿ 4 ಟಿಬಿ ಡಿಸ್ಕ್‌ನಲ್ಲಿ ರೀಬಿಲ್ಡ್ ಬೇರೆಯದೇ ಕಥೆ. ಸೆಕೆಂಡಿಗೆ 150 ಎಂಬಿ ಬರೆದರೂ ಏಳು ಗಂಟೆ ದಾಟುತ್ತದೆ. ಸರ್ವರ್ ಕೆಲಸ ಮಾಡುತ್ತಿದ್ದರೆ ಇನ್ನೂ ಜಾಸ್ತಿ. ಅಷ್ಟೂ ಹೊತ್ತು ಉಳಿದ ಮೂರು ಡಿಸ್ಕ್‌ಗಳನ್ನು ಪೂರ್ತಿ ಓದಬೇಕು, ಅಂದರೆ 12 ಟಿಬಿ. ಎಷ್ಟೋ ಡೆಸ್ಕ್‌ಟಾಪ್ ಡಿಸ್ಕ್‌ಗಳ ವಿವರಪಟ್ಟಿಯಲ್ಲಿ 10^14 ಬಿಟ್‌ಗೆ ಒಂದಕ್ಕಿಂತ ಕಡಿಮೆ ಓದುವ ದೋಷ ಅಂತ ಇರುತ್ತದೆ. ಅದು 12.5 ಟಿಬಿ. ಆ ಸಂಖ್ಯೆ ಬರೀ ಮೇಲ್ಮಿತಿ, ನಿಜವಾದ ಡಿಸ್ಕ್‌ಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿರುತ್ತವೆ. ಆದರೂ ಆ ಸಮಯದಲ್ಲಿ ಒಂದು ಸೆಕ್ಟರ್ ಓದಲಾಗದಿದ್ದರೆ, ಆ ಸಾಲಿನಲ್ಲಿ ಎರಡು ತುಂಡು ಕಾಣೆ. ಒಂದು ಎಕ್ಸಾರ್ ಎರಡನ್ನು ಕೊಡಲಾರದು. ರೇಡ್ 6 ಬೇರೆ ಲೆಕ್ಕದ ಎರಡನೇ ಪ್ಯಾರಿಟಿ ಇಡುವುದು ಇದಕ್ಕೇ.

ಡಿಸ್ಕ್‌ಗಳನ್ನು ಜೋಡಿ ಮಾಡಿ ಒಂದರ ಪ್ರತಿಯನ್ನು ಇನ್ನೊಂದರಲ್ಲಿ ಇಡುವ ರೇಡ್ 10ರಲ್ಲಿ ರೀಬಿಲ್ಡ್ ಹಗುರ, ಜೋಡಿಯ ಇನ್ನೊಂದು ಡಿಸ್ಕ್ ಮಾತ್ರ ಓದಿದರೆ ಸಾಕು. ಆದರೆ ಎರಡನೆಯದಾಗಿ ಕೆಡುವುದು ಆ ಜೋಡಿ ಡಿಸ್ಕೇ ಆದರೆ ಮುಗಿಯಿತು. ಉಳಿದ ಮೂರರಲ್ಲಿ ಒಂದು ಅದೇ. ರೇಡ್ 6 ಯಾವ ಎರಡು ಹೋದರೂ ತಾಳುತ್ತದೆ.

ಬರೆಯುವ ವೇಗದಲ್ಲಿ ಇದು ಉಲ್ಟಾ. ರೇಡ್ 5ರಲ್ಲಿ ಒಂದು ಸಣ್ಣ ಬದಲಾವಣೆಗೆ ಹಳೆಯ ಡೇಟಾ, ಹಳೆಯ ಪ್ಯಾರಿಟಿ ಓದಿ, ಎರಡನ್ನೂ ಹೊಸದಾಗಿ ಬರೆಯಬೇಕು: ನಾಲ್ಕು ಕೆಲಸ. ರೇಡ್ 6ರಲ್ಲಿ ಆರು. ರೇಡ್ 10ರಲ್ಲಿ ಎರಡೇ. ದೊಡ್ಡ ವಿಡಿಯೊ ಬರೆಯುವಾಗ ಸಾಲು ಪೂರ್ತಿ ಒಟ್ಟಿಗೆ ತುಂಬುವುದರಿಂದ ಈ ಹೊರೆ ಅಷ್ಟು ಕಾಣುವುದಿಲ್ಲ. ಡೇಟಾಬೇಸ್‌ಗೆ ಚೆನ್ನಾಗಿಯೇ ಕಾಣುತ್ತದೆ.

ಹಾಗಾಗಿ ನಾಲ್ಕು ಡಿಸ್ಕ್‌ಗೆ ರೇಡ್ 6 ಹಾಕಿದೆ. ಡೇಟಾಬೇಸ್ ಅನ್ನು ಎರಡು ಎಸ್‌ಎಸ್‌ಡಿಗಳ ರೇಡ್ 1ಕ್ಕೆ ಸಾಗಿಸಿದೆ. 4 ಟಿಬಿ ಬಿಟ್ಟುಕೊಟ್ಟಿದ್ದಕ್ಕೆ ಬೇಸರವಿಲ್ಲ.

ಓದಲಾಗದ ಸೆಕ್ಟರ್ ರೀಬಿಲ್ಡ್ ದಿನವೇ ಗೊತ್ತಾಗಬಾರದೆಂದು ಪ್ರತಿ ತಿಂಗಳು `sync_action` ಗೆ `check` ಬರೆದು ಎಲ್ಲ ಡಿಸ್ಕ್ ಓದಿಸುತ್ತೇನೆ. ಓದಲಾಗದ ಸೆಕ್ಟರ್ ಸಿಕ್ಕರೆ ಉಳಿದವುಗಳಿಂದ ಲೆಕ್ಕ ಹಾಕಿ ಅಲ್ಲೇ ಮತ್ತೆ ಬರೆಯಲಾಗುತ್ತದೆ. ಆದರೆ ಡಿಸ್ಕ್ ದೋಷ ಹೇಳದೆ ತಪ್ಪು ಬಿಟ್ ಕೊಟ್ಟರೆ `mismatch_cnt` ಏರುತ್ತದೆ ಅಷ್ಟೆ. ಯಾವ ಡಿಸ್ಕ್ ತಪ್ಪು ಅಂತ ಅದು ಹೇಳುವುದಿಲ್ಲ. ಅಂಥ ಫೈಲ್ ಹುಡುಕಲು ಹಳೆಯ `sha256sum` ಪಟ್ಟಿ ಬೇಕು, ಸರಿಪಡಿಸಲು ಬೇರೆ ಯಂತ್ರದಲ್ಲಿರುವ ಬ್ಯಾಕಪ್ ಬೇಕು. ಎರಡನ್ನೂ ಇಟ್ಟುಕೊಂಡಿದ್ದೇನೆ.