ಹಳೆಯ ಟಿ.ವಿ.: ಒಳಗಿನ ಆ್ಯಪ್ ಸಾಕೇ, ಸ್ಟಿಕ್ ಕೊಳ್ಳಬೇಕೇ?

ಹಳೆಯ ಸ್ಮಾರ್ಟ್ ಟಿ.ವಿ.ಯಲ್ಲಿ ಯೂಟ್ಯೂಬ್ ತೆರೆಯುವುದು ನಿಂತ ಕೂಡಲೇ ಹಲವರು ಹೊಸ ಟಿ.ವಿ. ಕೊಳ್ಳಲು ಹೊರಡುತ್ತಾರೆ. ಇನ್ನು ಕೆಲವರು ಟಿ.ವಿ. ಹಿಂದೆ ಸಿಕ್ಕಿಸಿದರೆ ಆ್ಯಪ್‌ಗಳನ್ನು ತಾನೇ ನಡೆಸುವ ಪುಟ್ಟ ಸಾಧನವಾದ ಸ್ಟ್ರೀಮಿಂಗ್ ಸ್ಟಿಕ್ ತಂದು, ತಪ್ಪಾಗಿ ಜೋಡಿಸಿ, ವಾರದೊಳಗೆ ಡ್ರಾಯರಿಗೆ ಹಾಕುತ್ತಾರೆ. ಎರಡೂ ವ್ಯರ್ಥ ಖರ್ಚು.

ಮೊದಲು ಟಿ.ವಿ.ಯ ದಿನಾಂಕ ನೋಡಿ. ಪ್ಲಗ್ ತೆಗೆದಿಟ್ಟ ಹಳೆಯ ಟಿ.ವಿ.ಗಳು ಕೆಲವೊಮ್ಮೆ ಹಿಂದಿನ ಯಾವುದೋ ವರ್ಷಕ್ಕೆ ಮರಳಿರುತ್ತವೆ. ಆಗ ಭದ್ರತಾ ಪ್ರಮಾಣಪತ್ರಗಳ ಅವಧಿ ತಾಳೆಯಾಗದೆ, ಇಂಟರ್ನೆಟ್ ಇದ್ದರೂ ಆ್ಯಪ್‌ಗಳು ತೆರೆಯುವುದಿಲ್ಲ. ದಿನಾಂಕ ಸರಿಪಡಿಸಿ, ಸಾಫ್ಟ್‌ವೇರ್ ಅಪ್‌ಡೇಟ್ ಇದ್ದರೆ ಮಾಡಿ. ನಂತರ ನೀವು ದಿನವೂ ನೋಡುವ ಆ್ಯಪ್‌ಗಳನ್ನಷ್ಟೇ ಒಂದೊಂದಾಗಿ ತೆರೆದು, ಒಂದು ಪೂರ್ತಿ ಕಂತು ನೋಡಿ. ತಡೆಯಿಲ್ಲದೆ ಓಡಿದರೆ ಸ್ಟಿಕ್ ಬೇಡ, ಇರುವುದೇ ಸಾಕು.

‘ಈ ಸಾಧನದಲ್ಲಿ ಆ್ಯಪ್ ಲಭ್ಯವಿಲ್ಲ’ ಎಂಬ ಸಂದೇಶ ಬಂದರೆ ರೀಸೆಟ್ ಮಾಡುತ್ತ ಕೂರಬೇಡಿ. ಆ್ಯಪ್ ನಡೆಸುವವರೇ ಹಳೆಯ ಮಾದರಿಗಳನ್ನು ಕೈಬಿಟ್ಟಿರುತ್ತಾರೆ. 2012ರ ಮತ್ತು ಅದಕ್ಕಿಂತ ಹಿಂದಿನ ಅನೇಕ ಟಿ.ವಿ.ಗಳಲ್ಲಿ ಯೂಟ್ಯೂಬ್ ಆ್ಯಪ್ 2015ರಲ್ಲೇ ನಿಂತಿತು. 2019ರ ಡಿಸೆಂಬರ್‌ನಲ್ಲಿ ಕೆಲವು ಹಳೆಯ ಮಾದರಿಗಳಿಗೆ ನೆಟ್‌ಫ್ಲಿಕ್ಸ್ ಕೂಡ ನಿಂತಿತು. ಪರದೆ ಗಟ್ಟಿಯಾಗಿದ್ದರೆ ಇಂಥ ಟಿ.ವಿ.ಗೆ ಸ್ಟಿಕ್ಕೇ ಸರಿ.

ಟಿ.ವಿ. ಹಿಂದೆ ಎಚ್‌ಡಿಎಂಐ ಪೋರ್ಟ್ ಇರಲೇಬೇಕು. ಕೆಂಪು, ಬಿಳಿ, ಹಳದಿ ಪಿನ್ನುಗಳಷ್ಟೇ ಇದ್ದರೆ ಕನ್ವರ್ಟರ್ ಹಾಕುವ ದಾರಿ ಇದೆ. ಆದರೆ ಮೆನುವಿನ ಅಕ್ಷರಗಳು ಓದಲಾಗದಷ್ಟು ಮಸುಕಾಗುತ್ತವೆ. ನಾನು ಬೇಡ ಎನ್ನುತ್ತೇನೆ. ಮೂವತ್ತೆರಡು ಇಂಚಿನ ‘ಎಚ್‌ಡಿ ರೆಡಿ’ ಪರದೆಗೆ ಫುಲ್ ಎಚ್‌ಡಿ ಸ್ಟಿಕ್ ಸಾಕು, 4ಕೆಗೆ ಕೊಡುವ ಹೆಚ್ಚಿನ ಹಣ ಪರದೆಯ ಮೇಲೆ ಕಾಣುವುದಿಲ್ಲ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳನ್ನಂತೂ ಮುಟ್ಟಲೇಬೇಡಿ. ಅಧಿಕೃತ ಮಾನ್ಯತೆ ಇಲ್ಲದ ಬಾಕ್ಸ್‌ನಲ್ಲಿ ಹಣ ಕೊಟ್ಟು ಚಂದಾದಾರರಾದ ಆ್ಯಪ್‌ಗಳೂ ಮಸುಕು ಚಿತ್ರವನ್ನೇ ಕೊಡಬಹುದು. ಕೆಲವು ಬಾಕ್ಸ್‌ಗಳು ಕಾರ್ಖಾನೆಯಿಂದಲೇ ಕುತಂತ್ರಾಂಶ ಹೊತ್ತು ಬಂದದ್ದೂ ಉಂಟು.

ಬಹುತೇಕರು ಎಡವುವುದು ಮುಂದಿನ ಹಂತದಲ್ಲಿ, ಸ್ಟಿಕ್‌ಗೆ ವಿದ್ಯುತ್ ಕೊಡುವಾಗ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರ ಟಿ.ವಿ.ಯಲ್ಲಿ ಸ್ಟಿಕ್‌ನ ಮೆನು ಚೆನ್ನಾಗಿಯೇ ಬರುತ್ತಿತ್ತು; ವಿಡಿಯೊ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ, ಮತ್ತೆ ಲಾಂಛನ ಮೂಡುತ್ತಿತ್ತು. ‘ಸ್ಟಿಕ್ಕೇ ಹಾಳು’ ಎಂದು ಅವರು ತೀರ್ಮಾನಿಸಿದ್ದರು. ಹಿಂದೆ ನೋಡಿದರೆ ಸ್ಟಿಕ್‌ನ ವೈರು ಟಿ.ವಿ.ಯ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿತ್ತು. ಪೋರ್ಟ್ ಪಕ್ಕದಲ್ಲಿ 5 ವೋಲ್ಟ್, 0.5 ಆಂಪಿಯರ್ ಎಂದು ಬರೆದಿತ್ತು. ಸ್ಟಿಕ್‌ನೊಂದಿಗೆ ಬಂದ ಅಡಾಪ್ಟರ್ ಮೇಲೆ 1 ಆಂಪಿಯರ್ ಎಂದಿತ್ತು. ಮೆನು ತೋರಿಸಲು ಹೆಚ್ಚು ವಿದ್ಯುತ್ ಬೇಡ. ವೈ–ಫೈಯಿಂದ ವಿಡಿಯೊ ಇಳಿಸಿಕೊಂಡು ಬಿಡಿಸಿ ತೋರಿಸುವಾಗ ಬೇಡಿಕೆ ಏರುತ್ತದೆ, ಪೋರ್ಟ್ ಅಷ್ಟು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ಸ್ಟಿಕ್ ಮರುಚಾಲೂ ಆಗುತ್ತದೆ. ಮೆನುವಿನಲ್ಲಿ ಸುಮ್ಮನಿದ್ದು ವಿಡಿಯೊ ಹಚ್ಚಿದಾಗಷ್ಟೇ ಆರಿ ಹೊತ್ತಿದರೆ ಮೊದಲು ವಿದ್ಯುತ್ತನ್ನೇ ಅನುಮಾನಿಸಿ.

ಅಡಾಪ್ಟರನ್ನು ಗೋಡೆಯ ಸಾಕೆಟ್‌ಗೆ ಹಾಕಿದ ಮೇಲೆ ಅದೇ ಸ್ಟಿಕ್ ಅವರ ಮನೆಯಲ್ಲಿ ಸಲೀಸಾಗಿ ಓಡುತ್ತಿದೆ. ಸಾಕೆಟ್ ದೂರವಿದ್ದರೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಳ್ಳಿ. ತೆಳುವಾದ ಉದ್ದನೆಯ ಯುಎಸ್‌ಬಿ ವೈರು ಕೊಳ್ಳಬೇಡಿ, ಅದರಲ್ಲೂ ವೋಲ್ಟೇಜ್ ಕುಸಿಯುತ್ತದೆ. ಟಿ.ವಿ. ಪೋರ್ಟ್‌ನ ಇನ್ನೊಂದು ತೊಂದರೆ: ಟಿ.ವಿ. ಆರಿಸಿದಾಗ ಸಾಮಾನ್ಯವಾಗಿ ಅದರ ವಿದ್ಯುತ್ತೂ ನಿಲ್ಲುತ್ತದೆ. ಸ್ಟಿಕ್ ಪ್ರತಿ ಸಲ ಮೊದಲಿನಿಂದ ಚಾಲೂ ಆಗಬೇಕು, ರಾತ್ರಿ ಆಗಬೇಕಾದ ಅಪ್‌ಡೇಟ್‌ಗಳೂ ತಪ್ಪುತ್ತವೆ.

ಪೆಟ್ಟಿಗೆಯಲ್ಲಿ ಗೇಣುದ್ದದ ಎಚ್‌ಡಿಎಂಐ ತುಂಡು ವೈರು ಬಂದಿದ್ದರೆ ಎಸೆಯದೆ ಬಳಸಿ. ಅದರಿಂದ ಸ್ಟಿಕ್ ಟಿ.ವಿ.ಯ ಬೆನ್ನಿನಿಂದ ಹೊರಗೆ ಇಳಿಬಿದ್ದು, ವೈ–ಫೈ ಸಂಕೇತ ಚೆನ್ನಾಗಿ ಸಿಗುತ್ತದೆ, ಬಿಸಿಯೂ ತಗ್ಗುತ್ತದೆ.

ವೈ–ಫೈ ಪಾಸ್‌ವರ್ಡ್, ಲಾಗಿನ್ ಎಲ್ಲ ಪರದೆಯೇ ಹೇಳಿಕೊಡುತ್ತದೆ.

ಚಿತ್ರ ಬಂದು ಕೆಲವು ಸಿನಿಮಾಗಳಿಗಷ್ಟೇ ಧ್ವನಿ ಬಾರದಿದ್ದರೆ ಸ್ಪೀಕರ್ ಕೆಟ್ಟಿಲ್ಲ. ಸ್ಟಿಕ್ ಕಳಿಸುವ ಡಾಲ್ಬಿ ಧ್ವನಿ ಹಳೆಯ ಟಿ.ವಿ.ಗೆ ಅರ್ಥವಾಗುತ್ತಿಲ್ಲ. ಸ್ಟಿಕ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಪಿಸಿಎಂ ಅಥವಾ ಸ್ಟೀರಿಯೊ ಆರಿಸಿ. ಚಿತ್ರದ ಅಂಚು ಕತ್ತರಿಸಿದಂತಿದ್ದರೆ ಟಿ.ವಿ.ಯ ಪಿಕ್ಚರ್ ಸೈಜ್‌ಗೆ ಹೋಗಿ: ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’. ಇನ್ನು ಎಲ್‌ಜಿಯ ‘ಸಿಂಪ್ಲಿಂಕ್’ ಅಥವಾ ಸ್ಯಾಮ್‌ಸಂಗ್‌ನ ‘ಎನಿನೆಟ್ ಪ್ಲಸ್’ ಚಾಲೂ ಮಾಡಿಟ್ಟರೆ, ಸ್ಟಿಕ್‌ನ ರಿಮೋಟ್ ಒತ್ತಿದಾಗ ಬಹುತೇಕ ಟಿ.ವಿ.ಗಳು ತಾವೇ ಆನ್ ಆಗಿ ಸರಿಯಾದ ಎಚ್‌ಡಿಎಂಐಗೆ ಬದಲಾಗುತ್ತವೆ.