ಗುಂಟೆ, ಸೆಂಟ್ಸ್, ಆರ್: ಮೂರು ಜಮೀನಿನ ದರ ಹೋಲಿಸಿದ ನನ್ನ ಅನುಭವ

ಎಕರೆಗೆ 40 ಗುಂಟೆ, 100 ಸೆಂಟ್ಸ್. ಜಮೀನು ಹುಡುಕುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಡವಟ್ಟಾಗುವುದು ಚುಕ್ಕೆಯಲ್ಲಿ. 2.20 ಅಂತ ಬರೆದರೆ ಬೆಳಗಾವಿ ಕಡೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಕಾರ್ಕಳದಲ್ಲಿ ಎರಡು ಎಕರೆ ಇಪ್ಪತ್ತು ಸೆಂಟ್ಸ್. ಪುಣೆ ಜಿಲ್ಲೆಯ ಸಾತ್‌ಬಾರಾದಲ್ಲಿ, ಅಂದರೆ ಅಲ್ಲಿನ ಪಹಣಿಯಲ್ಲಿ, ಎರಡು ಹೆಕ್ಟೇರ್ ಇಪ್ಪತ್ತು ಆರ್, ಅಂದರೆ ಹತ್ತಿರ ಹತ್ತಿರ ಐದೂವರೆ ಎಕರೆ!

ನಾನಿರುವುದು ಡೊಂಬಿವಿಲಿಯಲ್ಲಿ. ನಮ್ಮ ಊರು ಕಾರ್ಕಳದ ಕಡೆ, ಹೆಂಡತಿಯ ತವರು ಬೆಳಗಾವಿ. ಹಾಗಾಗಿ ಮೂರು ರಾಜ್ಯದ ಜಾಹೀರಾತು ಮೊಬೈಲಿಗೆ ಬಂದು ಬೀಳುತ್ತಿದ್ದವು. ಗೋವಾದ್ದು ಚದರ ಮೀಟರ್ ಲೆಕ್ಕ, ಅದು ಸುಲಭ. ಮೀಟರ್ ದರವನ್ನು 4047ರಿಂದ ಗುಣಿಸಿದರೆ ಎಕರೆ ದರ ಬಂತು. ಆದರೆ ಅಲ್ಲಿನ ದರ ನಮ್ಮ ಜೇಬಿಗೆ ಒಗ್ಗಲಿಲ್ಲ, ಬಿಟ್ಟೆವು. ಕೊನೆಗೆ ಕೈಯಲ್ಲಿ ಉಳಿದದ್ದು ಮೂರು:

ಪುಣೆ ಜಿಲ್ಲೆಯ ಭೋರ್ ಹತ್ತಿರ "ಎರಡು ಎಕರೆ, ಗುಂಟೆಗೆ 1.20 ಲಕ್ಷ". ಬೆಳಗಾವಿ ಹತ್ತಿರ "2.20, ಒಟ್ಟು 90 ಲಕ್ಷ". ಕಾರ್ಕಳ ಹತ್ತಿರ "ಸುಮಾರು ಎರಡು ಎಕರೆ ಅಡಿಕೆ ತೋಟ, 54 ಲಕ್ಷ".

ಎಲ್ಲರೂ ಹೇಳಿದ್ದು ಕಾರ್ಕಳದ್ದೇ ಅಗ್ಗ ಅಂತ. ಎಕರೆಗೆ 27 ಲಕ್ಷ, ಇನ್ನೇನು ನೋಡುವುದು? ನಾನು ಸ್ಪ್ರೆಡ್‌ಶೀಟ್ ತೆಗೆದು ಕೂತಾಗ ಬೆಳಗಾವಿಯ ಭಾವ ನಕ್ಕರು. "ಲೆಕ್ಕ ಹಾಕ್ಕೋತ ಕುಂತ್ರ ಹೊಲ ಕೈಬಿಟ್ಟು ಹೋಗ್ತದ ನೋಡ್ರಿ" ಅಂದರು.

ನಾನು ಮಾಡಿದ್ದು ಇಷ್ಟೇ. ಜಾಹೀರಾತಿನ ವಿಸ್ತೀರ್ಣವನ್ನು ಪೂರ್ತಿ ಬದಿಗಿಟ್ಟೆ. ಪಹಣಿ ಅಥವಾ ಸಾತ್‌ಬಾರಾ ಕಳಿಸದವರ ಹತ್ತಿರ ಮಾತೇ ಆಡಲಿಲ್ಲ. ದಾಖಲೆಯಲ್ಲಿದ್ದದ್ದನ್ನು ಚದರ ಮೀಟರ್‌ಗೆ ತಂದು, ಕೊನೆಗೆ ಎಕರೆ ದರ ಮಾಡಿದೆ. ಚದರ ಮೀಟರ್ ಯಾಕೆ ಅಂದರೆ ಸಾತ್‌ಬಾರಾ ಇರುವುದೇ ಆ ಲೆಕ್ಕದಲ್ಲಿ. ಉಳಿದವನ್ನು ಅದಕ್ಕೆ ತರುವುದು ಸಲೀಸು.

ಮೊದಲ ತಕರಾರು ಶೀಟ್‌ನಲ್ಲೇ ಬಂತು. 2.20 ಅಂತ ಒತ್ತಿದರೆ ಅದು ಕೊನೆಯ ಸೊನ್ನೆ ನುಂಗಿ 2.2 ಮಾಡುತ್ತದೆ. ಆಮೇಲೆ ಅದನ್ನು ನೋಡಿದವರಿಗೆ ಎರಡು ಎಕರೆ ಎರಡು ಗುಂಟೆ ಅನ್ನಿಸಿದರೂ ಆಶ್ಚರ್ಯವಿಲ್ಲ. ನೆಟ್‌ನಲ್ಲಿ ಸಿಗುವ ಪರಿವರ್ತಕಗಳದ್ದೂ ಇದೇ ಕಥೆ. ಅವು 2.20 ಅನ್ನು ದಶಮಾಂಶ ಅಂತಲೇ ಓದುತ್ತವೆ, ಬೆಳಗಾವಿಯ ಎರಡೂವರೆ ಎಕರೆಯಲ್ಲಿ 12 ಗುಂಟೆ ಗಾಳಿಗೆ ಹೋಗುತ್ತದೆ. ಅದಕ್ಕೆ ಚುಕ್ಕೆಯ ಹಿಂದಿನದಕ್ಕೆ A ಕಾಲಂ, ಮುಂದಿನದಕ್ಕೆ B ಕಾಲಂ ಮಾಡಿದೆ. ಸಾತ್‌ಬಾರಾಕ್ಕೆ C ಕೂಡ ಬೇಕು, ಯಾಕೆಂದರೆ ಅಲ್ಲಿ ಹೆಕ್ಟೇರ್, ಆರ್, ಚದರ ಮೀಟರ್ ಮೂರೂ ಇರುತ್ತವೆ. ಕ್ರಮವಾಗಿ ಗುಂಟೆ, ಸೆಂಟ್ಸ್, ಆರ್ ಸಾಲುಗಳು ಹೀಗಿವೆ. E ಕಾಲಂನಲ್ಲಿ ಈ ಉತ್ತರ, F ನಲ್ಲಿ ಒಟ್ಟು ಬೆಲೆ. ಕೊನೆಯ ಸಾಲು G ನಲ್ಲಿ ಹಾಕಿದ ಎಕರೆ ದರ:

```
=(A2*40+B2)*101.17
=(A3*100+B3)*40.47
=A4*10000+B4*100+C4
=F2/E2*4046.86
```

ಗುಂಟೆಯೋ ಸೆಂಟ್ಸೋ ಅಂತ ಅನುಮಾನ ಬಂದರೆ ಚುಕ್ಕೆಯ ಮುಂದಿನ ಅಂಕಿ ನೋಡಿ. ಗುಂಟೆ 39 ದಾಟುವುದಿಲ್ಲ, 40 ಆದರೆ ಒಂದು ಎಕರೆ ಏರಿಬಿಡುತ್ತದಲ್ವಾ. 40 ಅಥವಾ ಅದಕ್ಕೂ ಮೇಲಿದ್ದರೆ ಅದು ಗುಂಟೆ ಅಲ್ಲವೇ ಅಲ್ಲ. ಕಡಿಮೆ ಇದ್ದರೆ ಆ ಒಂದು ಅಂಕಿಯಿಂದ ಏನೂ ಹೇಳಲಾಗದು, ಅದೇ ಊರಿನ ಅಕ್ಕಪಕ್ಕದ ಸರ್ವೆ ನಂಬರಿನ ಪಹಣಿ ನಾಲ್ಕಾರು ತೆಗೆದು ನೋಡಬೇಕು. ಯಾವುದಾದರೂ ಒಂದರಲ್ಲಿ 60, 75 ಕಂಡರೆ ಸೆಂಟ್ಸ್ ಅಂತ ತೀರ್ಮಾನ.

ಈಗ ಭೋರ್. ಸಾತ್‌ಬಾರಾದಲ್ಲಿ ಒಟ್ಟು 0.80.00. ಏಜೆಂಟ್ ಅದನ್ನು "ಎಂಬತ್ತು ಗುಂಟೆ, ಎರಡು ಎಕರೆ" ಅಂದ. ಅಲ್ಲಿ ಆರ್‌ಗೂ ಗುಂಟೆಗೂ ವ್ಯತ್ಯಾಸ ಮಾಡದೆ ಮಾತಾಡುವುದು ಮಾಮೂಲು. ಆದರೆ ಆರ್ ಅಂದರೆ ಸರಿಯಾಗಿ 100 ಚದರ ಮೀಟರ್, ಗುಂಟೆ 101ಕ್ಕೆ ಸ್ವಲ್ಪ ಮೇಲೆ. 8000 ಚದರ ಮೀಟರ್ ಅಂದರೆ 79 ಗುಂಟೆ ಚಿಲ್ಲರೆ. 80ಕ್ಕೆ ದುಡ್ಡು ಕೊಟ್ಟರೆ ಸುಮ್ನೆ ಒಂದು ಲಕ್ಷದ ಮೇಲೆ ಹೋಯಿತು. ಅದಕ್ಕಿಂತ ದೊಡ್ಡದು ಪೋಟ್ ಖರಾಬಾ. ಬೇಸಾಯಕ್ಕೆ ಬಾರದ ಜಾಗ 6 ಆರ್ ಅಂತ ಅದೇ ಕಾಗದದಲ್ಲಿತ್ತು. ಅದನ್ನು ಕಳೆದರೆ 7400 ಚದರ ಮೀಟರ್. 96 ಲಕ್ಷವನ್ನು ಅದಕ್ಕೆ ಹಂಚಿದರೆ ಎಕರೆಗೆ 52 ಲಕ್ಷ ದಾಟಿತು, ಏಜೆಂಟ್ ಹೇಳಿದ್ದು 48. (ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳಲು ರೈತ ಅಂತ ದಾಖಲೆ ಬೇಕು. ಆ ಪುರಾಣ ಇಲ್ಲಿ ಬೇಡ.)

ಬೆಳಗಾವಿಯದ್ದು 100 ಗುಂಟೆ, ಮೇಲ್ನೋಟಕ್ಕೆ ಎಕರೆಗೆ 36 ಲಕ್ಷ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಅ, ಖರಾಬು ಬ ಅಂತ ಇರುತ್ತದೆ. ಬ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಅದಕ್ಕೆ ದುಡ್ಡು ಕೊಟ್ಟರೂ ಅದು ನಮ್ಮದಾಗುವುದಿಲ್ಲ. ಇಲ್ಲಿ 8 ಗುಂಟೆ ಹಳ್ಳಕ್ಕೆ ಹೋಗಿತ್ತು. 92ಕ್ಕೆ ಹಂಚಿದರೆ ಎಕರೆಗೆ 39 ಲಕ್ಷ.

ಇನ್ನು ಎಲ್ಲರ ಮೆಚ್ಚಿನ ಕಾರ್ಕಳ. ಪಹಣಿ ತರಿಸಿದರೆ ವರ್ಗ ಜಾಗ, ಅಂದರೆ ಮಾರುವವರ ಸ್ವಂತ ಪಟ್ಟಾ ಜಾಗ, ಇದ್ದದ್ದು 1.35, ಅಂದರೆ 135 ಸೆಂಟ್ಸ್. ಹಾಗಾದರೆ "ಸುಮಾರು ಎರಡು ಎಕರೆ" ಎಲ್ಲಿಂದ ಬಂತು? ಉಳಿದ 65 ಸೆಂಟ್ಸ್ ಕುಮ್ಕಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಕುಮ್ಕಿ ಸರಕಾರದ ಜಾಗ. ಸೊಪ್ಪು ಸೌದೆ ತರುವ ಹಕ್ಕು ಇರಬಹುದು, ಆದರೆ ಮಾರುವ ಹಾಗಿಲ್ಲ. ಮಾರುವವರು ಅಲ್ಲಿಯೂ ಗಿಡ ನೆಟ್ಟು ತೋಟದ ಒಳಗೇ ಸೇರಿಸಿದ್ದರು. ನಾನು ಕುಮ್ಕಿಗೆ ಸೊನ್ನೆ ಹಾಕಿದೆ. 54 ಲಕ್ಷಕ್ಕೆ 135 ಸೆಂಟ್ಸ್ ಅಂದರೆ ಸೆಂಟಿಗೆ 40 ಸಾವಿರ, ಎಕರೆಗೆ 40 ಲಕ್ಷ. 27 ಅಂತ ಕುಣಿದಿದ್ದವರೆಲ್ಲ ತಣ್ಣಗಾದರು. ಬೆಳಗಾವಿಗೂ ಕಾರ್ಕಳಕ್ಕೂ ಎಕರೆಗೆ ಒಂದು ಲಕ್ಷದ ವ್ಯತ್ಯಾಸವೂ ಇರಲಿಲ್ಲ. ಭಾವ ಫೋನಿನಲ್ಲೇ ಎರಡು ಸಲ ಲೆಕ್ಕ ಮಾಡಿಸಿ ಸುಮ್ಮನಾದರು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಮೊಬೈಲ್ ಹಿಡಿದು ಗಡಿ ಸುತ್ತಿದರೆ ವಿಸ್ತೀರ್ಣ ತೋರಿಸುವ ಆ್ಯಪ್ ಇದೆಯಲ್ಲ, ಅದನ್ನು ಪರೀಕ್ಷಿಸೋಣ ಅಂತ ಇಲ್ಲಿನ ಮೈದಾನದಲ್ಲಿ 33 ಅಡಿ ಹಗ್ಗದಿಂದ ಒಂದು ಚೌಕ ಹಾಕಿದೆ. 33 ಅಡಿಗೆ 33 ಅಡಿ, ಪಕ್ಕಾ ಒಂದು ಗುಂಟೆ. ಒಮ್ಮೆ ಮುಕ್ಕಾಲು ಗುಂಟೆ ತೋರಿಸಿತು, ಇನ್ನೊಮ್ಮೆ ಒಂದೂಕಾಲು. ಹತ್ತು ಮೀಟರ್ ಬದಿಗೆ ಮೂರು ನಾಲ್ಕು ಮೀಟರ್ ಅತ್ತಿತ್ತ ಆದರೆ ಇನ್ನೇನು ಆಗಬೇಕು? ಎಕರೆಗಟ್ಟಲೆ ಜಾಗಕ್ಕೆ ಅಂದಾಜು ಸಿಗುತ್ತದೆ, ಗುಂಟೆ ಲೆಕ್ಕದ ಚೌಕಾಸಿಗೆ ಪ್ರಯೋಜನವಿಲ್ಲ. ಇಳಿಜಾರಿನಲ್ಲಿ ಟೇಪ್ ಎಳೆಯುವುದೂ ಹಾಗೇ. ಸರ್ವೆಯವರು ಲೆಕ್ಕಕ್ಕೆ ಹಿಡಿಯುವುದು ಸಮತಲದ ಅಳತೆ, ನೆಲದ ಮೇಲೆ ಎಳೆದ ಟೇಪ್ ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ.

ಕೊನೆಗೆ ಕಾರ್ಕಳದ್ದನ್ನೇ ಹಿಡಿದೆವು, ನೀರು ಚೆನ್ನಾಗಿತ್ತು. ಶೀಟ್ ಪ್ರಿಂಟ್ ತೆಗೆದುಕೊಂಡು ಹೋಗಿ ಮಾರುವವರ ಮುಂದೆ ಇಟ್ಟೆ. ಮಾತು ಶುರು ಮಾಡಿದ್ದು ಎಕರೆಯಿಂದಲೋ ಸೆಂಟ್ಸ್‌ನಿಂದಲೋ, ಅದು ನನ್ನ ಗುಟ್ಟು, ಇಲ್ಲಿ ಬಿಡುವುದಿಲ್ಲ. ಸೆಂಟಿಗೆ 37 ಸಾವಿರದ ಆಸುಪಾಸಿಗೆ ಮುಗಿಯಿತು, ಒಟ್ಟು 50 ಲಕ್ಷ. ಕರಾರಿನಲ್ಲಿ ಎರಡು ವಿಷಯ ಬರೆಸಿದೆ. ಬೆಲೆ ವರ್ಗ ಜಾಗಕ್ಕೆ ಮಾತ್ರ. ಸರ್ವೆಯಲ್ಲಿ ಕಡಿಮೆ ಬಂದಷ್ಟು ಸೆಂಟ್ಸ್‌ಗೆ ಅದೇ ದರದಲ್ಲಿ ದುಡ್ಡು ಕಡಿತ. ಅಳತೆಯಲ್ಲಿ ಒಂದೂವರೆ ಸೆಂಟ್ಸ್ ಕಡಿಮೆ ಬಂತು. ಐವತ್ತೈದು ಸಾವಿರದಷ್ಟು ಕಡಿತವಾಯಿತು, ಅದರಲ್ಲಿ ಪಂಪ್‌ಸೆಟ್ ರಿಪೇರಿ ಆಯಿತು.