ಜ್ವರ, ವಾಂತಿಭೇದಿಯ ಮಗುವಿಗೆ ಉಣಿಸುವುದು ಹೇಗೆ?

"ಲಂಘನಂ ಪರಮೌಷಧಂ ಅಂತಾರಲ್ಲ ಸಿಸ್ಟರ್, ಅದಕ್ಕೇ ಎರಡು ದಿನದಿಂದ ಬರೀ ಗಂಜಿ ತಿಳಿ ಕೊಡುತ್ತಿದ್ದೇನೆ." ಮಕ್ಕಳ ವಾರ್ಡಿನಲ್ಲಿ ದಾದಿಯಾಗಿದ್ದಷ್ಟು ಕಾಲ ನಾನು ಕೇಳುತ್ತ ಬಂದ ಮಾತು ಇದು. ಮದುವೆ ಊಟ ಹೆಚ್ಚಾಗಿ ಅಜೀರ್ಣವಾದ ದೊಡ್ಡವರು ಒಂದು ಹೊತ್ತು ಬಿಟ್ಟರೆ ನಷ್ಟವಿಲ್ಲ. ಮಗುವಿನ ಮೈಯಲ್ಲಿ ಅಷ್ಟು ದಾಸ್ತಾನು ಇರುವುದಿಲ್ಲ. ಜ್ವರ ಏರಿದಷ್ಟೂ ಮೈ ಹೆಚ್ಚು ಶಕ್ತಿ ಉರಿಸುತ್ತದೆ. ಭೇದಿಯಲ್ಲಿ ಹಾಳಾದ ಕರುಳಿನ ಒಳಪದರ ಮತ್ತೆ ಬೆಳೆಯಲು ಅನ್ನವೇ ಬೇಕು. ಹೊಟ್ಟೆಗೆ ಏನೂ ಹೋಗದಿದ್ದಾಗ ಭೇದಿ ಕಡಿಮೆಯಾದಂತೆ ಕಾಣಬಹುದು, ಆದರೆ ಅದು ಗುಣವಾದ ಲಕ್ಷಣವಲ್ಲ.

ಮೊದಲು ಒಆರ್‌ಎಸ್ ಕಲಸಿ. ದೊಡ್ಡ ಪೊಟ್ಟಣಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿ. ಯಾವುದಕ್ಕೆ ಎಷ್ಟೆಂದು ಪೊಟ್ಟಣದ ಮೇಲೆ ಓದಿಕೊಳ್ಳಿ. ದೊಡ್ಡ ಪೊಟ್ಟಣದಿಂದ ಅಂದಾಜಿನಲ್ಲಿ ಒಂದಿಷ್ಟು ಪುಡಿ ಲೋಟಕ್ಕೆ ಸುರಿದರೆ ದ್ರಾವಣ ಗಟ್ಟಿಯಾಗಿ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಅಂಗಡಿಯ ಸಿಹಿ ಪಾನೀಯದ ಡಬ್ಬಿಗಳನ್ನು ಒಆರ್‌ಎಸ್ ಎಂದುಕೊಂಡು ತರಬೇಡಿ. ಅವುಗಳಲ್ಲಿ ಸಕ್ಕರೆ ಅತಿಯಾಗಿದ್ದು, ಅದು ಕರುಳಿನೊಳಕ್ಕೆ ನೀರನ್ನು ಎಳೆದು ಭೇದಿ ಹೆಚ್ಚಿಸುತ್ತದೆ. ಕೋಲಾ, ಡಬ್ಬಿಯ ಜ್ಯೂಸ್, ಗ್ಲುಕೋಸ್ ಪುಡಿಗೂ ಇದೇ ಮಾತು.

ಈಗ ಕಷ್ಟದ ಘಟ್ಟ: ವಾಂತಿ ಮಾಡುವ ಮಗುವಿಗೆ ಕುಡಿಸುವುದು. ಎಲ್ಲರೂ ಸೋಲುವುದು ಇಲ್ಲೇ. ಒಂದೂವರೆ ವರ್ಷದ ಹುಡುಗಿಯೊಬ್ಬಳಿಗೆ ತಾಯಿ ಅರ್ಧ ಲೋಟ ಕೊಟ್ಟಿದ್ದರು. ಬಾಯಾರಿದ್ದ ಮಗು ಗಟಗಟ ಕುಡಿದು ಅಷ್ಟನ್ನೂ ಕಕ್ಕಿತು. "ನೀರೂ ನಿಲ್ಲುತ್ತಿಲ್ಲ" ಎಂದು ತಾಯಿ ಕೈಬಿಟ್ಟರು. ನೀರು ನಿಲ್ಲದಿದ್ದದ್ದು ಲೋಟದಿಂದ. ನಾನು ಹತ್ತು ನಿಮಿಷ ಸುಮ್ಮನಿರಿಸಿ, ಮಗುವನ್ನು ತಾಯಿಯ ತೊಡೆಯ ಮೇಲೆ ಎದ್ದು ಕೂರಿಸಿ, ಗಡಿಯಾರ ನೋಡುತ್ತ ಎರಡು ನಿಮಿಷಕ್ಕೆ ಒಂದು ಚಿಕ್ಕ ಚಮಚ ಹಾಕಿಸಿದೆ. ನಲವತ್ತು ನಿಮಿಷ ಸರಿಹೋಯಿತು, ಆಮೇಲೆ ಮತ್ತೊಮ್ಮೆ ವಾಂತಿ. ಮತ್ತೆ ಹತ್ತು ನಿಮಿಷ ಬಿಟ್ಟು, ಅರ್ಧ ಗಂಟೆ ಕಾಲ ಮೂರು ನಿಮಿಷಕ್ಕೊಂದು ಚಮಚ, ನಂತರ ಮೊದಲಿನ ಹಾಗೆ. ಮಗು ಲೋಟಕ್ಕೆ ಕೈ ಚಾಚಿ ಅಳುತ್ತಿತ್ತು, ತಾಯಿ ಕೊಡಲಿಲ್ಲ. ಎರಡು ಗಂಟೆ ಕಳೆಯುವಷ್ಟರಲ್ಲಿ ಸುಮಾರು ಒಂದು ಲೋಟ ಹೊಟ್ಟೆಯಲ್ಲಿ ಉಳಿದಿತ್ತು, ಮಗು ಮೂತ್ರ ಮಾಡಿತು. ಲೆಕ್ಕ ಸರಳ: 5 ಮಿಲಿಯ ಚಮಚ ಎರಡು ನಿಮಿಷಕ್ಕೊಂದರಂತೆ ಗಂಟೆಗೆ 150 ಮಿಲಿ. ವಾಂತಿ ನಿಂತ ಮೇಲೆ ಪ್ರತಿ ಭೇದಿಗೂ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಅದಕ್ಕೆ ಮೇಲ್ಪಟ್ಟ ಮಕ್ಕಳಿಗೆ 100ರಿಂದ 200 ಮಿಲಿ. ಬಾಟಲಿ ಬೇಡ, ಚಮಚವೇ ಸರಿ.

ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಮರಳಿದರೆ, ಆರೇಳು ಗಂಟೆ ಮೂತ್ರ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದೆ ಹೋದರೆ ಚಮಚ ಎಣಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಹಾಗೆಯೇ.

ಮೂರನೆಯದು ಊಟ. ವಾಂತಿ ಹತೋಟಿಗೆ ಬಂದು ಮೂರು ನಾಲ್ಕು ಗಂಟೆಯೊಳಗೆ ಶುರುವಾಗಬೇಕು. ಎದೆಹಾಲನ್ನು ಮಾತ್ರ ಒಂದು ಗಳಿಗೆಯೂ ನಿಲ್ಲಿಸಬೇಡಿ. ಗಂಜಿ ತಿಳಿಯಲ್ಲಿ ಇರುವುದು ಹೆಚ್ಚಾಗಿ ನೀರು. ಅದು ಬಾಯಾರಿಕೆಗೆ ಸರಿ, ಹಸಿವಿಗಲ್ಲ. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ ಹುರಿದು, ಚೆನ್ನಾಗಿ ಬೇಯಿಸಿ, ಚಿಟಿಕೆ ಉಪ್ಪು ಹಾಕಿ ಮಸೆಯಿರಿ. ಮೇಲೆ ಒಂದು ಚಮಚ ತುಪ್ಪ. "ಭೇದಿಗೆ ತುಪ್ಪವೇ?" ಎಂದು ಹುಬ್ಬೇರಿಸುವವರಿದ್ದಾರೆ. ಎರಡೇ ತುತ್ತು ತಿನ್ನುವ ಮಗುವಿಗೆ ಆ ತುತ್ತಿನಲ್ಲೇ ಬಲ ಇರಬೇಕು. ಹದ ನೋಡುವುದು ಹೀಗೆ: ಚಮಚ ಓರೆ ಮಾಡಿದರೆ ಗಂಜಿ ನೀರಿನಂತೆ ಹರಿಯದೆ ಮೆಲ್ಲಗೆ ಜಾರಬೇಕು. ಮಾಗಿದ ಬಾಳೆಹಣ್ಣು, ಮೊಸರನ್ನ, ಇಡ್ಲಿ ಕೂಡ ಆಗುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಬೇಡವೇ ಬೇಡ.

ಜ್ವರದ ಮಗು ಬಾಯಿ ತೆರೆಯದಿದ್ದರೆ ಗದರಿಸಿ ತುರುಕಬೇಡಿ, ವಾಂತಿಯಾಗುತ್ತದೆ. ವೈದ್ಯರು ತೂಕ ನೋಡಿ ಹೇಳಿದ ಪ್ಯಾರಾಸಿಟಮಾಲ್ ಕೊಟ್ಟು ಸುಮಾರು ಒಂದು ಗಂಟೆಯಲ್ಲಿ ಮೈ ತಣ್ಣಗಾಗುತ್ತದೆ, ಕಣ್ಣಿಗೆ ಕಳೆ ಬರುತ್ತದೆ. ಬಟ್ಟಲು ಎತ್ತಿಕೊಳ್ಳುವ ಹೊತ್ತು ಅದೇ. ಮೂರು ಗಂಟೆಗೊಮ್ಮೆ ನಾಲ್ಕು ಚಮಚವಾದರೂ ಸಾಕು.

ಜಿಂಕ್: ಭೇದಿಯಾದರೆ ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಪೂರ್ತಿ ಮುಗಿಸಿ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಒಡೆದು ಕೊಡಬೇಡಿ.

ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಹಾಕಿ. ನನ್ನ ಪ್ರಕಾರ ಅದಕ್ಕೆ ಸಂಜೆ ನಾಲ್ಕು ಗಂಟೆಯೇ ಸರಿ. ಆಗ ಆಟದಿಂದ ಬಂದ ಮಗುವಿಗೆ ಹಸಿವಿರುತ್ತದೆ, ರಾತ್ರಿ ಊಟವೂ ಕೆಡುವುದಿಲ್ಲ.